ತಪ್ಪಿದ್ದು ಮುಟ್ಟಲ್ಲ, ಅದರ ಲೆಕ್ಕ

ಬಾಗಲಕೋಟೆಯ ನವನಗರದಲ್ಲಿ ನಮ್ಮ ಓಣಿಯ ಸೊಸೆಯೊಬ್ಬಳು ಏಪ್ರಿಲ್ 1ರ ಮಧ್ಯಾಹ್ನ ಗರ್ಭ ಪರೀಕ್ಷೆಯ ಪಟ್ಟಿ ಹಿಡಿದುಕೊಂಡು ಬಂದಳು. ಪಟ್ಟಿಯ ಮೇಲೆ ಒಂದೇ ಗೆರೆ. ‘ಅಕ್ಕಾ, ಹೊರಗಾಗಿ ಒಂದು ತಿಂಗಳ ಮೇಲಾಯಿತು. ಇದು ನೋಡಿದರೆ ಇಲ್ಲ ಅನ್ನುತ್ತದೆ. ಯಾವುದನ್ನು ನಂಬಲಿ?’

ಅವಳ ಮುಟ್ಟು 28 ದಿನಕ್ಕೊಮ್ಮೆ ತಪ್ಪದೆ ಬರುತ್ತಿತ್ತು. ಹಿಂದಿನದು ಮಾರ್ಚ್ 1ಕ್ಕೆ, ಹಾಗಾಗಿ 29ಕ್ಕೆ ಬರಬೇಕಿತ್ತು. ಆದರೆ ಮಾರ್ಚ್ ಎರಡನೇ ವಾರವಿಡೀ ಅವಳು ಟೈಫಾಯಿಡ್ ಜ್ವರದಲ್ಲಿ ಮಲಗಿದ್ದಳು. ಗುಟ್ಟು ಇರುವುದು ಅಲ್ಲಿಯೇ.

ಮುಟ್ಟಿನ ಚಕ್ರದಲ್ಲಿ ಎರಡು ಭಾಗಗಳಿವೆ. ಅಂಡಾಣು ಬಲಿತು ಹೊರಬೀಳುವವರೆಗಿನ ಮೊದಲ ಭಾಗ ಹಿಗ್ಗುತ್ತದೆ, ಕುಗ್ಗುತ್ತದೆ. ಅಂಡಾಣು ಬಿಡುಗಡೆಯಾದ ಮೇಲಿನ ಎರಡನೆಯ ಭಾಗ ಮಾತ್ರ ಹೆಚ್ಚುಕಡಿಮೆ ಎರಡು ವಾರ. ಅದು ಅಷ್ಟು ಸುಲಭವಾಗಿ ಬದಲಾಗದು. ಜ್ವರ, ಊಟ ಬಿಡುವುದು, ದೊಡ್ಡ ಚಿಂತೆ, ತುರ್ತು ಗರ್ಭನಿರೋಧಕ ಮಾತ್ರೆ, ಇವು ಅಂಡಾಣುವಿನ ಬಿಡುಗಡೆಯನ್ನೇ ಮುಂದೂಡಬಲ್ಲವು. ಇವಳಿಗೆ ಮಾರ್ಚ್ 15ರ ಸುಮಾರಿಗೆ ಆಗಬೇಕಿದ್ದದ್ದು 24ಕ್ಕೆ ಆಯಿತು ಎಂದಿಟ್ಟುಕೊಳ್ಳಿ. ಆಗ ಮುಟ್ಟಿನ ನಿಜವಾದ ಗಡುವು ಏಪ್ರಿಲ್ 7.

ಅವಳು ಗರ್ಭಿಣಿಯೇ ಆಗಿದ್ದರೂ ಏಪ್ರಿಲ್ 1ಕ್ಕೆ ಆ ಪಟ್ಟಿ ಬಹುಶಃ ಸುಮ್ಮನೇ ಇರುತ್ತಿತ್ತು. ಪಟ್ಟಿ ಹುಡುಕುವುದು ಎಚ್‌ಸಿಜಿ ಎಂಬ ಹಾರ್ಮೋನನ್ನು. ಭ್ರೂಣ ಗರ್ಭಕೋಶದ ಗೋಡೆಗೆ ಅಂಟಿಕೊಂಡ ಮೇಲಷ್ಟೇ ಅದು ರಕ್ತಕ್ಕೆ, ಆಮೇಲೆ ಮೂತ್ರಕ್ಕೆ ಇಳಿಯುತ್ತದೆ. ಅಂಟಿಕೊಳ್ಳಲು ಅಂಡಾಣು ಬಿಡುಗಡೆಯಾದ ಮೇಲೆ ಸಾಮಾನ್ಯವಾಗಿ 8ರಿಂದ 10 ದಿನ ಬೇಕು. ಅಂದರೆ ಏಪ್ರಿಲ್ 1ರಿಂದ 3. ಶುರುವಿನಲ್ಲಿ ಆ ಹಾರ್ಮೋನು ತೀರ ಅಲ್ಪ, ಸುಮಾರು ಎರಡು ದಿನಕ್ಕೊಮ್ಮೆ ದುಪ್ಪಟ್ಟಾಗುತ್ತಾ ಏರುತ್ತದೆ.

ಇನ್ನೊಂದು ಎಡವಟ್ಟೂ ಇತ್ತು. ನಮ್ಮ ಕಡೆಯ ಬಿಸಿಲಿಗೆ ಹೆದರಿ ಬೆಳಗಿನಿಂದ ತಂಬಿಗೆಗಟ್ಟಲೆ ನೀರು, ಮಜ್ಜಿಗೆ ಕುಡಿದು ಪರೀಕ್ಷೆ ಮಾಡಿಕೊಂಡಿದ್ದಳು. ಮೂತ್ರ ತೆಳುವಾದರೆ ಇದ್ದಷ್ಟು ಎಚ್‌ಸಿಜಿಯೂ ತೆಳುವಾಗುತ್ತದೆ. ಎದ್ದ ತಕ್ಷಣದ ಮೂತ್ರವೇ ಲೇಸು. ಪಟ್ಟಿಯಲ್ಲಿ ‘ಸಿ’ ಅಕ್ಷರದ ಗೆರೆಯೇ ಮೂಡದಿದ್ದರೆ ಆ ಪಟ್ಟಿ ಕೆಟ್ಟಿದೆ, ಫಲಿತಾಂಶ ಹಿಡಿಯಬೇಡಿ. ಹೊಸ ಪಟ್ಟಿಗಾಗಿ ಅಂಗಡಿಗೆ ಹೋಗಲು ನಾಚಿಕೆಯಾದರೆ ಆಶಾ ಕಾರ್ಯಕರ್ತೆಯನ್ನು ಕೇಳಬಹುದು.

ಒಂದು ವಾರ ಬಿಟ್ಟು ಬೆಳಗ್ಗೆ ಮತ್ತೆ ನೋಡು ಎಂದೆ. ಅದರ ಅಗತ್ಯ ಬೀಳಲಿಲ್ಲ. ಏಪ್ರಿಲ್ 7ರ ರಾತ್ರಿಯೇ ಮುಟ್ಟಾದಳು.

ಎಲ್ಲರ ಕಥೆ ಇಷ್ಟು ಸರಳವಲ್ಲ. ಮೊಲೆಯುಣಿಸುತ್ತಿರುವವರಿಗೆ, ಗರ್ಭನಿರೋಧಕ ಚುಚ್ಚುಮದ್ದು ಪಡೆದವರಿಗೆ ಮುಟ್ಟು ತಿಂಗಳುಗಟ್ಟಲೆ ನಿಲ್ಲಬಹುದು. ಎರಡನೆಯ ಪರೀಕ್ಷೆಯೂ ಇಲ್ಲವೆಂದು ತೋರಿಸಿ, ಮೂರು ತಿಂಗಳು ಮುಟ್ಟೇ ಬಾರದಿದ್ದರೆ ವೈದ್ಯರು ಥೈರಾಯ್ಡ್, ಪ್ರೊಲ್ಯಾಕ್ಟಿನ್ ಹಾರ್ಮೋನುಗಳನ್ನೂ ಹಾರ್ಮೋನು ಏರುಪೇರಿನ ತೊಂದರೆಯಾದ ಪಿಸಿಒಎಸ್ ಇದೆಯೇ ಎಂಬುದನ್ನೂ ನೋಡುತ್ತಾರೆ. ಮುಖದ ಮೇಲೆ ಕೂದಲು ಹೆಚ್ಚಿದ್ದರೆ, ಹಾಲುಣಿಸದಿದ್ದರೂ ಮೊಲೆಯಿಂದ ಹಾಲು ಜಿನುಗಿದರೆ ಅದನ್ನು ಮುಚ್ಚಿಡದೆ ಹೇಳಬೇಕು.

ಮುಟ್ಟು ತಡವಾಗಿರುವಾಗ ಕಿಬ್ಬೊಟ್ಟೆಯ ಒಂದೇ ಬದಿ ಜೋರಾಗಿ ನೋಯುತ್ತಿದ್ದರೆ, ತಲೆ ಸುತ್ತಿ ಬೀಳುವಂತಾದರೆ, ಪಟ್ಟಿ ಏನೇ ತೋರಿಸಲಿ, ಮರುಪರೀಕ್ಷೆಗೆ ಕಾಯಬೇಡಿ. ಗರ್ಭವು ಗರ್ಭಕೋಶದ ಬದಲು ಅಂಡನಾಳದಲ್ಲಿ ನಿಂತಿರಬಹುದು. ಅದೇ ಹೊತ್ತಿಗೆ ಆಸ್ಪತ್ರೆಗೆ ಹೋಗಬೇಕು.