ಏರುವ ಬಾಡಿಗೆ, ಸಮನಾದ ಆದಾಯ: ಅಡಿಕೆ ಸುಲಿಯುವ ಯಂತ್ರದ ಲೀಸ್ ಲೆಕ್ಕ

ಲೀಸ್ ಪಾಠದಲ್ಲಿ ಬಾಡಿಗೆದಾರನ ಲೆಕ್ಕಕ್ಕೇ ಹೆಚ್ಚು ಪುಟ ಹೋಗುತ್ತದೆ. ಮಾಲೀಕನ ಕಡೆಯ ಆಪರೇಟಿಂಗ್ ಲೀಸ್ ಎರಡು ಸಾಲಿನಲ್ಲಿ ಮುಗಿದುಬಿಡುತ್ತದೆ: 'ಬಾಡಿಗೆ ಆದಾಯವನ್ನು ಲೀಸ್ ಅವಧಿಗೆ ಸಮನಾಗಿ ಹಂಚಬೇಕು.' ಬಾಡಿಗೆ ವರ್ಷವರ್ಷ ಏರುತ್ತಾ, ಲೀಸ್ ಹಣಕಾಸು ವರ್ಷದ ನಡುವೆ ಶುರುವಾದರೆ ಎರಡನೇ ವರ್ಷದಿಂದಲೇ ತಾಳೆ ತಪ್ಪುತ್ತದೆ. ಆದ್ದರಿಂದ ಒಂದೇ ಲೆಕ್ಕವನ್ನು ಕೊನೆಯವರೆಗೆ ಮಾಡಿ ನೋಡೋಣ.

ಲೆಕ್ಕ ಹೀಗಿದೆ

ಶಿವಮೊಗ್ಗದ ಒಂದು ಸಣ್ಣ ಕಂಪನಿ ಹಸಿ ಅಡಿಕೆ ಸುಲಿಯುವ ಯಂತ್ರವನ್ನು ₹9,00,000ಕ್ಕೆ ಕೊಂಡು, ಸಾಗರದ ಕಡೆ ಅಡಿಕೆ ತೋಟದ ಫಸಲನ್ನು ಗುತ್ತಿಗೆ ಹಿಡಿಯುವ ಖೇಣಿದಾರರೊಬ್ಬರಿಗೆ ಬಾಡಿಗೆಗೆ ಕೊಡುತ್ತದೆ ಎಂದುಕೊಳ್ಳಿ. ಅಡಿಕೆ ಗೊನೆಗಳ ಕೊಯ್ಲು ಶುರುವಾಗುವ ಹೊತ್ತಿಗೆ ಯಂತ್ರ ಬೇಕು, ಹಾಗಾಗಿ ಲೀಸ್ 1 ಅಕ್ಟೋಬರ್ 2024ರಿಂದ 30 ಸೆಪ್ಟೆಂಬರ್ 2028ರವರೆಗೆ, ಒಟ್ಟು 48 ತಿಂಗಳು. ನಡುವೆ ಬಿಡುವಂತಿಲ್ಲ. ತಿಂಗಳ ಬಾಡಿಗೆ ಮೊದಲ ವರ್ಷ ₹10,000, ಎರಡನೆಯ ವರ್ಷ ₹11,000, ಮೂರನೆಯ ವರ್ಷ ₹12,000, ನಾಲ್ಕನೆಯ ವರ್ಷ ₹13,000. ಅವಧಿ ಮುಗಿದ ಮೇಲೆ ಯಂತ್ರ ಮಾಲೀಕರಿಗೇ ವಾಪಸ್.

ಮೊದಲು ಇದು ಆಪರೇಟಿಂಗ್ ಲೀಸೇ ಎಂದು ನೋಡಿಕೊಳ್ಳಿ. ಯಂತ್ರದ ಬಾಳಿಕೆ 15 ವರ್ಷ, ಲೀಸ್ ಬರೀ 4 ವರ್ಷ. ಬರುವ ಬಾಡಿಗೆಯೆಲ್ಲ ಸೇರಿದರೂ ₹5,52,000, ಯಂತ್ರದ ಬೆಲೆಯ ಹತ್ತಿರವೂ ಬರುವುದಿಲ್ಲ. ಕಡಿಮೆ ಬೆಲೆಗೆ ಕೊಂಡುಕೊಳ್ಳುವ ಹಕ್ಕೂ ಬಾಡಿಗೆದಾರರಿಗೆ ಇಲ್ಲ. ಹಾಗಾಗಿ ಯಂತ್ರ ಮಾಲೀಕರ ಪುಸ್ತಕದಲ್ಲೇ ಆಸ್ತಿಯಾಗಿ ಉಳಿಯುತ್ತದೆ. ಲೀಸ್ ಕುರಿತ ಲೆಕ್ಕಪತ್ರ ಮಾನದಂಡಗಳಲ್ಲಿ ಎಎಸ್ 19 ಪಾಲಿಸುವ ಕಂಪನಿಗಾಗಲಿ, ಇಂಡ್ ಎಎಸ್ 116 ಪಾಲಿಸುವ ಕಂಪನಿಗಾಗಲಿ ಇಲ್ಲಿ ಆದಾಯದ ನಿಯಮ ಒಂದೇ.

ಈಗ ಭಾಗಾಕಾರ. ₹5,52,000 ÷ 48 = ₹11,500. ಮೊದಲ ತಿಂಗಳಿಂದ ಕೊನೆಯ ತಿಂಗಳವರೆಗೆ ತಿಂಗಳ ಆದಾಯ ಇಷ್ಟೇ. ಬಿಲ್ಲು ಮಾತ್ರ ಒಪ್ಪಂದದಲ್ಲಿರುವ ಮೊತ್ತಕ್ಕೇ ಹೋಗುತ್ತದೆ.

ಯಾಕೆ ಹೀಗೆ? ಬಾಡಿಗೆದಾರರಿಗೆ ಮೊದಲ ವರ್ಷ ಸಿಗುವುದೂ ನಾಲ್ಕನೆಯ ವರ್ಷ ಸಿಗುವುದೂ ಅದೇ ಯಂತ್ರ, ಅದೇ ಬಳಕೆಯ ಹಕ್ಕು. ಬಾಡಿಗೆ ಏರುವುದು ಹಣ ಕೊಡುವ ಕ್ರಮದ ಮಾತು, ಯಂತ್ರದಿಂದ ಆಗುವ ಉಪಯೋಗದ ಮಾತಲ್ಲ. 'ಬಾಡಿಗೆ ಏರುತ್ತಿದೆ, ಆದಾಯವನ್ನೂ ಏರಿಸಿ ತೋರಿಸೋಣ' ಎಂಬ ವಾದ ಇಲ್ಲಿ ನಿಲ್ಲುವುದಿಲ್ಲ. ಹಳತಾದಂತೆ ಯಂತ್ರದ ಬ್ಲೇಡು, ಬೆಲ್ಟು ಸವೆದು ಕೆಲಸ ಇಳಿಯುತ್ತದೆ ಎನ್ನುವುದಾದರೆ ಆ ವಾದ ಇನ್ನೂ ಉಲ್ಟಾ ಹೊಡೆಯುತ್ತದೆ.

ನಮೂದುಗಳು

ಬಿಲ್ಲಿಗೂ ಆದಾಯಕ್ಕೂ ಇರುವ ವ್ಯತ್ಯಾಸವನ್ನು 'ಬಾಡಿಗೆ ಸಮೀಕರಣ ಖಾತೆ'ಗೆ ಹಾಕುತ್ತೇವೆ. ಆಫೀಸುಗಳಲ್ಲಿ ಇದಕ್ಕೆ ರೆಂಟ್ ಈಕ್ವಲೈಸೇಶನ್ ಎಂಬ ಹೆಸರೇ ರೂಢಿ. 2024ರ ಅಕ್ಟೋಬರ್ ಕೊನೆಯಲ್ಲಿ:

ಬಾಡಿಗೆದಾರರ ಖಾತೆ ಡೆಬಿಟ್ ₹10,000
ಬಾಡಿಗೆ ಸಮೀಕರಣ ಖಾತೆ ಡೆಬಿಟ್ ₹1,500
ಬಾಡಿಗೆ ಆದಾಯ ಕ್ರೆಡಿಟ್ ₹11,500

ಎರಡನೆಯ ವರ್ಷ ಡೆಬಿಟ್ ತಿಂಗಳಿಗೆ ₹500ಕ್ಕೆ ಇಳಿಯುತ್ತದೆ. 2026ರ ಅಕ್ಟೋಬರ್‌ಗೆ ದಿಕ್ಕು ಬದಲಾಗುತ್ತದೆ:

ಬಾಡಿಗೆದಾರರ ಖಾತೆ ಡೆಬಿಟ್ ₹12,000
ಬಾಡಿಗೆ ಆದಾಯ ಕ್ರೆಡಿಟ್ ₹11,500
ಬಾಡಿಗೆ ಸಮೀಕರಣ ಖಾತೆ ಕ್ರೆಡಿಟ್ ₹500

ನಾಲ್ಕನೆಯ ವರ್ಷ ತಿಂಗಳಿಗೆ ₹1,500 ಕ್ರೆಡಿಟ್. ಜಿಎಸ್‌ಟಿ ಬರುವುದು ಬಿಲ್ಲಿನ ಮೊತ್ತದ ಮೇಲೆ. ಸಮೀಕರಣದ ₹1,500ಕ್ಕೆ ಬಿಲ್ಲೂ ಇಲ್ಲ, ಜಿಎಸ್‌ಟಿಯೂ ಇಲ್ಲ.

ಹಣಕಾಸು ವರ್ಷಗಳಿಗೆ ಹಾಕಿದಾಗ:

| ಮಾರ್ಚ್ 31ಕ್ಕೆ ಮುಗಿದ ವರ್ಷ | ಬಿಲ್ಲು ₹ | ಆದಾಯ ₹ | ವ್ಯತ್ಯಾಸ ₹ | ಸಮೀಕರಣ ಖಾತೆಯ ಬಾಕಿ ₹ |
|---|---|---|---|---|
| 2025 (6 ತಿಂಗಳು) | 60,000 | 69,000 | 9,000 | 9,000 |
| 2026 | 1,26,000 | 1,38,000 | 12,000 | 21,000 |
| 2027 | 1,38,000 | 1,38,000 | 0 | 21,000 |
| 2028 | 1,50,000 | 1,38,000 | −12,000 | 9,000 |
| 2029 (6 ತಿಂಗಳು) | 78,000 | 69,000 | −9,000 | 0 |

2027ರ ಸಾಲನ್ನು ನೋಡಿ. ಬಿಲ್ಲು, ಆದಾಯ ಎರಡೂ ಒಂದೇ, ವ್ಯತ್ಯಾಸ ಸೊನ್ನೆ. 'ಈ ವರ್ಷ ನಮೂದೇ ಬೇಡ' ಎಂದು ಬಿಟ್ಟುಬಿಡುವವರಿದ್ದಾರೆ. ನಿಜಕ್ಕೂ ಮೊದಲ ಆರು ತಿಂಗಳು ₹3,000 ಏರಿ, ಮುಂದಿನ ಆರು ತಿಂಗಳು ₹3,000 ಇಳಿದಿದೆ. ಬಾಕಿ ಎಲ್ಲಕ್ಕಿಂತ ಹೆಚ್ಚಾಗುವುದು 30 ಸೆಪ್ಟೆಂಬರ್ 2026ರಂದು, ₹24,000. ಮಾರ್ಚ್‌ನ ಪಟ್ಟಿಗಳಲ್ಲಿ ಈ ಅಂಕಿ ಕಾಣುವುದೇ ಇಲ್ಲ. ಅರ್ಧವಾರ್ಷಿಕ ಲೆಕ್ಕ ಕೊಡುವ ಕಂಪನಿಗೆ ಇದು ಬೇಕಾಗುತ್ತದೆ.

ಲೆಕ್ಕ ಸರಿ ಇದೆಯೇ ಎಂದು ತಿಳಿಯಲು ಎರಡು ನೋಟ ಸಾಕು. 48ನೆಯ ತಿಂಗಳ ಕೊನೆಗೆ ಬಾಕಿ ಸೊನ್ನೆ ಆಗಬೇಕು. ನಡುವೆ ಎಲ್ಲಿಯೂ ₹24,000 ಮೀರಬಾರದು. ಮೀರಿದರೆ, ಮೂರನೆಯ ವರ್ಷ ಕ್ರೆಡಿಟ್ ಹಾಕುವ ಬದಲು ಹಿಂದಿನ ನಮೂದನ್ನೇ ನಕಲು ಮಾಡಿ ಡೆಬಿಟ್ ಹಾಕಿದ್ದಾರೆ ಎಂದರ್ಥ. ತಿಂಗಳ ನಮೂದು ತಾನಾಗಿ ಬೀಳುವಂತೆ ಸಾಫ್ಟ್‌ವೇರ್‌ನಲ್ಲಿ ಇಟ್ಟ ಕಡೆ ಇದು ಸಾಮಾನ್ಯ.

ಮೊದಲ ತಿಂಗಳು ಬಾಡಿಗೆ ಬೇಡ ಎಂದು ಒಪ್ಪಂದದಲ್ಲಿದ್ದರೂ ಭಾಗಿಸುವುದು 48ರಿಂದಲೇ, 47ರಿಂದ ಅಲ್ಲ. ಯಂತ್ರ ಆ ತಿಂಗಳೂ ಬಾಡಿಗೆದಾರರ ಕೈಯಲ್ಲೇ ಇತ್ತಲ್ಲ. ಆಗ ₹5,42,000 ÷ 48 = ₹11,291.67. ಉಳಿಯುವ ಪೈಸೆಯನ್ನು ಕೊನೆಯ ತಿಂಗಳಲ್ಲಿ ಸರಿಮಾಡಿ.

ಒಟ್ಟು ಮೊತ್ತಕ್ಕೆ ಏನು ಸೇರುತ್ತದೆ

ಹಂಚುವುದಕ್ಕೆ ತೆಗೆದುಕೊಳ್ಳುವುದು ಒಪ್ಪಂದದಲ್ಲಿ ಮೊದಲೇ ನಿಗದಿಯಾದ ಬಾಡಿಗೆಯನ್ನು ಮಾತ್ರ. ವಾಪಸ್ ಕೊಡಬೇಕಾದ ಠೇವಣಿ ಜವಾಬ್ದಾರಿ, ಆದಾಯವಲ್ಲ. ಜಿಎಸ್‌ಟಿ ಸರ್ಕಾರದ್ದು. ವರ್ಷಕ್ಕೊಮ್ಮೆ ಸರ್ವಿಸ್ ಮಾಡಿಕೊಡುವುದಕ್ಕೆ ಪ್ರತ್ಯೇಕ ಹಣವಿದ್ದರೆ ಅದು ಸೇವೆಯ ಆದಾಯ, ಈ ಭಾಗಾಕಾರಕ್ಕೆ ಬರುವುದಿಲ್ಲ. 'ಇಷ್ಟು ಕ್ವಿಂಟಾಲ್ ಮೀರಿ ಸುಲಿದರೆ ಕ್ವಿಂಟಾಲಿಗೆ ಇಷ್ಟು ಹೆಚ್ಚು' ಎಂಬ ಷರತ್ತಿದ್ದರೆ ಆ ಹಣ ಬಳಕೆಯನ್ನು ಅವಲಂಬಿಸಿದ್ದು. ಸುಲಿದ ಅವಧಿಯಲ್ಲೇ ಅದನ್ನು ಆದಾಯಕ್ಕೆ ತೆಗೆದುಕೊಳ್ಳಬೇಕು, ಅಂದಾಜು ಮಾಡಿ 48 ತಿಂಗಳಿಗೆ ಹರಡಬಾರದು.

ಮಲೆನಾಡಿನಲ್ಲಿ ಇನ್ನೊಂದು ಪ್ರಶ್ನೆ ಬಂದೇ ಬರುತ್ತದೆ. ಸುಲಿಯುವ ಕೆಲಸ ಇರುವುದು ಹೆಚ್ಚುಕಮ್ಮಿ ಅಕ್ಟೋಬರ್‌ನಿಂದ ಫೆಬ್ರವರಿಯವರೆಗೆ. ಆಮೇಲೆ ಯಂತ್ರ ಟಾರ್ಪಾಲು ಹೊದ್ದು ಕಣದ ಮೂಲೆಯಲ್ಲಿರುತ್ತದೆ. ಆದಾಯವನ್ನು ಆ ಐದು ತಿಂಗಳಿಗೇ ತೋರಿಸಬಹುದೇ? ಉಪಯೋಗ ಕಡಿಮೆಯಾಗುವ ಕ್ರಮಕ್ಕೆ ಹೆಚ್ಚು ಹೊಂದುವ ಬೇರೊಂದು ವ್ಯವಸ್ಥಿತ ವಿಧಾನವಿದ್ದರೆ ಬಳಸಬಹುದು ಎಂದು ಮಾನದಂಡ ಹೇಳುವುದು ನಿಜ. ಆದರೆ ಮಳೆಗಾಲದಲ್ಲೂ ಯಂತ್ರ ಖೇಣಿದಾರರ ವಶದಲ್ಲೇ ಇದೆ, ಮಾಲೀಕರು ಅದನ್ನು ಬೇರೆಯವರಿಗೆ ಕೊಡುವಂತಿಲ್ಲ. ಅವರು ಓಡಿಸದೆ ಇಟ್ಟಿರುವುದು ಅವರ ಆಯ್ಕೆ. ಹಾಗಾಗಿ ಇಲ್ಲಿ ಹನ್ನೆರಡು ತಿಂಗಳಿಗೂ ಸಮನಾದ ಹಂಚಿಕೆಯೇ ಸರಿ ಎನ್ನಬೇಕಾಗುತ್ತದೆ. ಒಪ್ಪಂದವೇ 'ಪ್ರತಿವರ್ಷ ಅಕ್ಟೋಬರ್‌ನಿಂದ ಫೆಬ್ರವರಿ ಮಾತ್ರ, ಉಳಿದ ತಿಂಗಳು ಯಂತ್ರ ಮಾಲೀಕರ ಹತ್ತಿರ' ಎಂದಿದ್ದರೆ ಮಾತು ಬೇರೆ. ಆಗ ಬಳಕೆಯ ಅವಧಿಯೇ ನಾಲ್ಕು ಹಂಗಾಮಿನ 20 ತಿಂಗಳು, ಭಾಗಿಸುವುದೂ 20ರಿಂದ.

ಸವಕಳಿ

ಆದಾಯವನ್ನು 4 ವರ್ಷಕ್ಕೆ ಹಂಚಿದ್ದೇವೆಂದು ಯಂತ್ರದ ಬೆಲೆಯನ್ನೂ 4 ವರ್ಷಕ್ಕೆ ಸವೆಸುವುದು ತಪ್ಪು. ಇಂಥ ಆಸ್ತಿಗಳಿಗೆ ಕಂಪನಿ ಎಂದಿನಂತೆ ಪಾಲಿಸುವ ನೀತಿಯೇ ಇದಕ್ಕೂ. 15 ವರ್ಷದ ಬಾಳಿಕೆ, ಶೇ 5 ಉಳಿಕೆ ಬೆಲೆ ಎಂದರೆ ₹8,55,000 ÷ 15 = ವರ್ಷಕ್ಕೆ ₹57,000. ಮೊದಲ ಆರು ತಿಂಗಳಿಗೆ ₹28,500.

ಒಪ್ಪಂದ ಕುದುರಿಸಿಕೊಟ್ಟವರಿಗೆ ₹14,400 ಕಮಿಷನ್ ಕೊಟ್ಟಿದ್ದರೆ, ಇಂಡ್ ಎಎಸ್ 116ರಲ್ಲಿ ಅದನ್ನು ಆಸ್ತಿಯ ಮೊತ್ತಕ್ಕೆ ಸೇರಿಸಿ ಲೀಸ್ ಅವಧಿಗೆ, ಅಂದರೆ ತಿಂಗಳಿಗೆ ₹300ರಂತೆ ಖರ್ಚು ಹಾಕಬೇಕು. ಎಎಸ್ 19ರಲ್ಲಿ ಹೀಗೆ ಮುಂದೂಡಬಹುದು, ಆಗಲೇ ಖರ್ಚು ಹಾಕಲೂಬಹುದು.

ನಡುವೆ ಬಾಡಿಗೆ ಬದಲಾದರೆ

ಕೊಳೆ ರೋಗ, ಎಲೆಚುಕ್ಕೆ ಬಂದು ಫಸಲು ಬಿದ್ದಾಗ ಖೇಣಿದಾರರು 'ಬಾಡಿಗೆ ಇಳಿಸಿ' ಎಂದು ಕೂರುತ್ತಾರೆ. 1 ಅಕ್ಟೋಬರ್ 2026ರಿಂದ ಉಳಿದ 24 ತಿಂಗಳಿಗೆ ₹11,500ಕ್ಕೆ ಇಬ್ಬರೂ ಒಪ್ಪಿದರು ಎನ್ನೋಣ. ಆದಾಯ ಮೊದಲೂ ₹11,500, ಈಗ ಬಿಲ್ಲೂ ₹11,500, ಇನ್ನು ಸಮೀಕರಣವೇ ಬೇಡ ಎಂದು ತೋರುತ್ತದೆ. ಹಾಗೆ ಮಾಡಿದರೆ ಖಾತೆಯಲ್ಲಿರುವ ₹24,000 ಲೀಸ್ ಮುಗಿದ ಮೇಲೂ ಅಲ್ಲೇ ಉಳಿಯುತ್ತದೆ.

ಇಂಡ್ ಎಎಸ್ 116ರ ಪ್ರಕಾರ ಬದಲಾವಣೆ ಜಾರಿಯಾದ ದಿನದಿಂದ ಇದು ಹೊಸ ಲೀಸ್. ಹಳೆಯ ಲೀಸಿನಲ್ಲಿ ಮೊದಲೇ ಆದಾಯಕ್ಕೆ ತೆಗೆದುಕೊಂಡಿದ್ದ ಬಾಕಿಯನ್ನು ಹೊಸ ಲೀಸಿನ ಲೆಕ್ಕಕ್ಕೆ ತರಬೇಕು. ಬರಬೇಕಾದ ಬಾಡಿಗೆ 24 × ₹11,500 = ₹2,76,000. ಅದರಲ್ಲಿ ₹24,000 ಹಿಂದೆಯೇ ಆದಾಯವಾಗಿದೆ. ಉಳಿದ ₹2,52,000 ÷ 24 = ತಿಂಗಳಿಗೆ ₹10,500 ಆದಾಯ. ಬಿಲ್ಲಿಗೂ ಆದಾಯಕ್ಕೂ ಇರುವ ₹1,000 ಪ್ರತಿ ತಿಂಗಳು ಸಮೀಕರಣ ಖಾತೆಗೆ ಕ್ರೆಡಿಟ್. 24 ತಿಂಗಳಿಗೆ ಸರಿಯಾಗಿ ಬಾಕಿ ತೀರುತ್ತದೆ.

ಅದೇ ದಿನ ಲೀಸನ್ನೇ ಮುರಿದು, ಪರಿಹಾರವೇನೂ ಇಲ್ಲದೆ ಯಂತ್ರ ವಾಪಸ್ ಬಂದರೆ ₹24,000 ವಸೂಲಾಗುವ ದಾರಿಯಿಲ್ಲ. ಅದಕ್ಕೆ ಬಿಲ್ಲೇ ಆಗಿರಲಿಲ್ಲ. ಅಷ್ಟೂ ಆ ವರ್ಷದ ಲಾಭ-ನಷ್ಟಕ್ಕೆ ಹೋಗುತ್ತದೆ. ಈ ಕಾರಣಕ್ಕೇ ಲೀಸ್ ಅವಧಿಯನ್ನು ಮೊದಲೇ ಸರಿಯಾಗಿ ಓದಬೇಕು. 'ಒಂದು ತಿಂಗಳ ನೋಟಿಸ್ ಕೊಟ್ಟು ಯಾರು ಬೇಕಾದರೂ, ದಂಡವಿಲ್ಲದೆ ಬಿಡಬಹುದು' ಎಂಬ ಸಾಲು ಒಪ್ಪಂದದಲ್ಲಿದ್ದರೆ ಮೇಲೆ 48 ತಿಂಗಳು ಎಂದು ಬರೆದಿದ್ದರೂ ಅಷ್ಟು ಅವಧಿಗೆ ಹಂಚುವಂತಿಲ್ಲ.

ತೆರಿಗೆ ಕಾಗದಗಳ ಜೊತೆ ತಾಳೆ

ಯಂತ್ರದ ಬಾಡಿಗೆಗೆ ಟಿಡಿಎಸ್ ಹಿಡಿದಾಗ ಅದು ಬಿಲ್ಲಿನ ಬಾಡಿಗೆಯ ಮೇಲೆ. ಮೊದಲ ವರ್ಷ ಫಾರ್ಮ್ 26ಎಎಸ್ ₹60,000 ತೋರಿಸಿದರೆ ಲಾಭ-ನಷ್ಟ ಖಾತೆ ₹69,000 ಎನ್ನುತ್ತದೆ. ಜಿಎಸ್‌ಟಿ ರಿಟರ್ನ್‌ನಲ್ಲೂ ₹60,000 ಇರುತ್ತದೆ. ಈ ₹9,000 ಎಲ್ಲಿಂದ ಬಂತೆಂದು ಲೆಕ್ಕಪರಿಶೋಧಕರು ಕೇಳುತ್ತಾರೆ. 2028ರ ಮಾರ್ಚ್‌ಗೆ ಪ್ರಶ್ನೆ ತಿರುಗುತ್ತದೆ: ಬಿಲ್ಲು ₹1,50,000, ತೋರಿಸಿದ ಆದಾಯ ₹1,38,000, ಉಳಿದ ₹12,000 ಎಲ್ಲಿ ಹೋಯಿತು? ಆ ಹೊತ್ತಿಗೆ ಲೆಕ್ಕ ಬರೆಯುವವರೇ ಬದಲಾಗಿರುತ್ತಾರೆ. ಒಪ್ಪಂದದ ಪ್ರತಿ, 48 ಸಾಲಿನ ಪಟ್ಟಿ ಎರಡನ್ನೂ ಒಂದೇ ಫೈಲಿನಲ್ಲಿಟ್ಟು, ಪ್ರತಿ ಮಾರ್ಚ್‌ಗೆ ಆ ವರ್ಷದ ಬಿಲ್ಲು, ಆದಾಯ, ವ್ಯತ್ಯಾಸ ಈ ಮೂರು ಅಂಕಿಗಳ ತಾಳೆ ಪಟ್ಟಿಯನ್ನು ಸಹಿ ಮಾಡಿ ಜೋಡಿಸಿಡಿ.