ಟ್ಯಾಂಕ್ ತುಂಬಿದೆ, ಆದರೂ ನಲ್ಲಿಯಲ್ಲಿ ನೀರು ಸಣ್ಣಗೆ ಬರುವುದೇಕೆ?

ಪ್ರಶ್ನೆ: ನಮ್ಮದು ಹಳೆಯ ಅಪಾರ್ಟ್‌ಮೆಂಟ್. ಮೇಲಿನ ಮನೆಯವರಿಗೆ ನೀರು ರಭಸವಾಗಿ ಬರುತ್ತದೆ, ಕೆಳಗಿರುವ ನಮಗೆ ನೂಲಿನಂತೆ. ಪ್ರೆಷರ್ ಪಂಪ್ ಹಾಕಿಸಬೇಕೇ?

ಉತ್ತರ: ಪಂಪ್ ಕೊಳ್ಳುವ ಮೊದಲು, ನಾನು ಕೋಲಾರದಲ್ಲಿ ಮಾಡಿದ ಒಂದು ಕೆಲಸದ ಕಥೆ ಕೇಳಿ. ನಿಮ್ಮ ಪ್ರಶ್ನೆಯೂ ಅದೇ.

ಅಂತರಗಂಗೆ ಬೆಟ್ಟ ಕಾಣುವ ಬೀದಿಯಲ್ಲಿ ಮೂರು ಮಹಡಿಯ ಕಟ್ಟಡ. ಕೆಳಗೆ ವಾಹನಗಳ ಜಾಗ, ಮೇಲೆ ಮನೆಗಳು. ಕರೆದದ್ದು ಒಂದನೇ ಮಹಡಿಯವರು. ಆ ತಾಯಿ ಆಗಲೇ ಎರಡು ಸಲ ನಲ್ಲಿ ಬದಲಾಯಿಸಿದ್ದರು. ಬಕೆಟ್ ಇಟ್ಟು ನೋಡಿದೆ. ಹತ್ತು ಲೀಟರ್ ತುಂಬಲು ಎರಡು ನಿಮಿಷವಾಯಿತು.

"ಯಾವಾಗಿನಿಂದ ಹೀಗಮ್ಮಾ?" ಎಂದು ಕೇಳಿದೆ.

"ಹೋದ ತಿಂಗಳು ಟ್ಯಾಂಕ್ ತೊಳೆಸಿದರಲ್ಲಪ್ಪ, ಅವತ್ತಿನಿಂದ."

ಈ ಮಾತು ಬಹಳ ಮುಖ್ಯ. ನಮ್ಮ ಕಡೆಯ ಬೋರ್‌ವೆಲ್ ನೀರು ಗಡಸು, ಹಳೆಯ ಜಿ.ಐ. ಪೈಪಿನೊಳಗೆ ತುಕ್ಕೂ ಸುಣ್ಣದ ಹೊರಪದರವೂ ಬೆಳೆಯುತ್ತವೆ. ಆದರೆ ಆ ಬೆಳವಣಿಗೆಗೆ ವರ್ಷಗಳೇ ಬೇಕು. ಒಂದೇ ದಿನದಲ್ಲಿ ನೀರು ಕುಗ್ಗಿದರೆ ಯಾರೋ ಏನನ್ನೋ ಮುಟ್ಟಿದ್ದಾರೆ ಎಂದೇ ಅರ್ಥ.

ವಾಷಿಂಗ್ ಮೆಷಿನ್ ನಲ್ಲಿಗೆ ಪ್ರೆಷರ್ ಗೇಜ್ ಕಟ್ಟಿದೆ. ನಿಂತ ನೀರಿನ ಲೆಕ್ಕ ಸರಳ: ಹತ್ತು ಮೀಟರ್ ಎತ್ತರಕ್ಕೆ ಚದರ ಸೆಂಟಿಮೀಟರಿಗೆ ಒಂದು ಕೆ.ಜಿ. ಒತ್ತಡ. ಟ್ಯಾಂಕಿನ ನೀರಿನ ಮಟ್ಟ ಆ ನಲ್ಲಿಗಿಂತ ಹತ್ತೂವರೆ ಮೀಟರ್ ಮೇಲಿತ್ತು. ಎಲ್ಲ ನಲ್ಲಿಗಳನ್ನು ಮುಚ್ಚಿಸಿದಾಗ ಮುಳ್ಳು ಒಂದು ಕೆ.ಜಿ.ಯನ್ನು ತುಸು ದಾಟಿ ನಿಂತಿತು, ಅಂದರೆ ಇರಬೇಕಾದಷ್ಟೇ. ಅಡುಗೆಮನೆಯ ನಲ್ಲಿ ತಿರುಗಿಸಿದ ತಕ್ಷಣ ಅದು ಸೊನ್ನೆಯ ಹತ್ತಿರಕ್ಕೆ ಕುಸಿಯಿತು.

ಹೆಚ್ಚಿನವರು ಎಡವುವುದು ಇಲ್ಲಿಯೇ. ಗೇಜ್ ಸರಿ ತೋರಿಸಿತಲ್ಲ, ಲೈನ್ ಚೆನ್ನಾಗಿದೆ ಎಂದುಕೊಳ್ಳುತ್ತಾರೆ. ನಿಂತ ನೀರು ಸೂಜಿಯಷ್ಟು ಸಂದಿಯಿದ್ದರೂ ಪೂರ್ತಿ ಒತ್ತಡವನ್ನು ದಾಟಿಸುತ್ತದೆ. ಅಡಚಣೆ ತನ್ನ ಪಾಲನ್ನು ಕಿತ್ತುಕೊಳ್ಳುವುದು ನೀರು ಹರಿಯುವಾಗ ಮಾತ್ರ. ಮುಚ್ಚಿದಾಗಲೂ ಒತ್ತಡ ಕಡಿಮೆಯಿದ್ದರೆ ಸೋರಿಕೆ ಹುಡುಕಬೇಕು, ಅಥವಾ ಟ್ಯಾಂಕಿನ ಮಟ್ಟ ನೋಡಬೇಕು. ಮುಚ್ಚಿದಾಗ ಸರಿಯಿದ್ದು ತೆರೆದಾಗ ಕುಸಿದರೆ ದಾರಿಯಲ್ಲಿ ಎಲ್ಲೋ ಕಟ್ಟಿಕೊಂಡಿದೆ.

ಎಲ್ಲಿ? ಕೆಳಗಿನ ನಲ್ಲಿಯನ್ನು ತೆರೆದೇ ಇಡಿಸಿ, ಅದೇ ಪೈಪಿಗೆ ಸೇರಿದ ಮೇಲಿನ ಮನೆಗಳಿಗೆ ಹೋದೆ. ಮೂರನೇ ಮಹಡಿಯಲ್ಲಿ ಮುಳ್ಳು ಅಲುಗಲೇ ಇಲ್ಲವೆನ್ನಬಹುದು. ಎರಡನೇ ಮಹಡಿಯ ಅಜ್ಜಿ ಗೇಜ್ ಕಟ್ಟುವ ಮೊದಲೇ ಹೇಳಿದರು: "ಕೆಳಗಿನವರು ನೀರು ಬಿಟ್ಟರೆ ನಮ್ಮ ನಲ್ಲಿ ಉಸಿರೆಳೆದುಕೊಳ್ಳುತ್ತದೆ." ನಲ್ಲಿ ತಿರುಗಿಸಿ ಬಾಯಿಗೆ ಅಂಗೈ ಒತ್ತಿದೆ. ನೀರು ಬರಲಿಲ್ಲ. ಬದಲಿಗೆ ಅಂಗೈಯ ಚರ್ಮ ಒಳಕ್ಕೆ ಹಿಡಿದುಕೊಂಡಿತು. ಮೇಲಿನಿಂದ ಬರುವ ನೀರು ಸಾಲದೆ, ಕೆಳಕ್ಕೆ ಬೀಳುವ ನೀರು ಅಲ್ಲಿಂದ ಗಾಳಿಯನ್ನು ಎಳೆಯುತ್ತಿತ್ತು. ಅಂದರೆ ಅಡಚಣೆ ಇದ್ದದ್ದು ಮೂರನೆಯ ಮತ್ತು ಎರಡನೆಯ ಮಹಡಿಯ ಕವಲುಗಳ ನಡುವೆ.

ಕಟ್ಟಡದ ಹಿಂಭಾಗದ ಡಕ್ಟಿನಲ್ಲಿ, ಕೊಳಚೆ ಪೈಪಿನ ಮರೆಯಲ್ಲಿ, ಬಣ್ಣ ಬಳಿದುಕೊಂಡ ಒಂದು ಗೇಟ್ ವಾಲ್ವ್ ಸಿಕ್ಕಿತು. ಚಕ್ರ ತಿರುಗಿಸಿದರೆ ಎಲ್ಲಿಯೂ ಬಿಗಿಯಾಗದೆ ಸುಮ್ಮನೆ ಸುತ್ತುತ್ತಿತ್ತು. ಸ್ಕ್ರೂಡ್ರೈವರ್ ತುದಿಯನ್ನು ವಾಲ್ವಿಗೆ ತಾಗಿಸಿ, ಹಿಡಿಯನ್ನು ಕಿವಿಗಿಟ್ಟೆ. ಹಾವು ಬುಸುಗುಟ್ಟಿದಂತೆ ಶಬ್ದ.

ಟ್ಯಾಂಕಿನ ವಾಲ್ವ್ ಮುಚ್ಚಿ, ಲೈನ್ ಖಾಲಿ ಮಾಡಿ, ಯೂನಿಯನ್ ಎಂಬ ಪೈಪ್ ಜೋಡಣೆಯನ್ನು ಬಿಚ್ಚಿದೆ. ಒಳಗಿನ ಬಿಲ್ಲೆ ದಂಡದಿಂದ ಕಳಚಿ ಅಲ್ಲೇ ಉಳಿದು, ಮುಕ್ಕಾಲು ದಾರಿಯನ್ನು ಮುಚ್ಚಿತ್ತು. ಉಳಿದ ಸಂದಿಯಲ್ಲಿ ತುಕ್ಕಿನ ಚಕ್ಕೆಗಳು ಸಿಕ್ಕಿಕೊಂಡಿದ್ದವು. ಟ್ಯಾಂಕ್ ತೊಳೆಯುವ ದಿನ ಅದನ್ನು ಮುಚ್ಚಿ ತೆರೆದಿದ್ದಾರೆ. ಸವೆದಿದ್ದ ತಿರುಪು ಕಿತ್ತುಬಂದು, ಚಕ್ರ ಮಾತ್ರ ತಿರುಗಿದೆ, ಬಿಲ್ಲೆ ಹಿಂದೆ ಸರಿಯಲಿಲ್ಲ. ತೆರೆದವರಿಗೆ ಅದು ತಿಳಿಯುವಂತೆಯೇ ಇರಲಿಲ್ಲ.

ಅಲ್ಲಿ ಬಾಲ್ ವಾಲ್ವ್ ಹಾಕಿದೆ. ಹಿಡಿಕೆ ಪೈಪಿನ ನೇರಕ್ಕಿದ್ದರೆ ತೆರೆದಿದೆ, ಅಡ್ಡವಿದ್ದರೆ ಮುಚ್ಚಿದೆ, ನೋಡಿದರೆ ಗೊತ್ತಾಗುತ್ತದೆ. ಅದೇ ಬಕೆಟ್ ನಲವತ್ತು ಸೆಕೆಂಡಿನಲ್ಲಿ ತುಂಬಿತು.

ನಿಮ್ಮ ಕಟ್ಟಡದಲ್ಲಿಯೂ ಇದೇ ತೊಂದರೆಯಿದ್ದರೆ ಪಂಪ್ ಆ ಸಂದಿಯಿಂದಲೇ ನೀರೆಳೆಯಬೇಕು. ಅದಕ್ಕೆ ನೀರು ಸಾಲದು, ಮೇಲಿನ ಮನೆಯ ನಲ್ಲಿ ಇನ್ನಷ್ಟು ಗಾಳಿ ಎಳೆಯುತ್ತದೆ. ಪೈಪೇ ಒಳಗೊಳಗೆ ಕಟ್ಟಿಕೊಂಡಿದ್ದರೆ ಗೇಜ್ ಒಂದೇ ಕಡೆ ಕುಸಿಯುವುದಿಲ್ಲ, ಮಹಡಿ ಮಹಡಿಗೂ ಸ್ವಲ್ಪ ಸ್ವಲ್ಪ ಇಳಿಯುತ್ತದೆ. ಆಗ ವಾಲ್ವ್ ಬದಲಿಸಿ ಫಲವಿಲ್ಲ, ಆ ಲೈನನ್ನೇ ಹೊಸದಾಗಿ ಎಳೆಯಬೇಕು.

ದುರಸ್ತಿಯಾದ ಮೇಲೆ ನಲ್ಲಿಯ ಬಾಯಿಯ ಜಾಲರಿಯನ್ನು ಬಿಚ್ಚಿಟ್ಟು ನೀರು ತಿಳಿಯಾಗುವವರೆಗೆ ಹರಿಯಬಿಡಿ. ಕದಡಿದ ತುಕ್ಕೆಲ್ಲ ಬಂದು ಸೇರುವುದು ಅಲ್ಲಿಗೇ. ಆ ತಾಯಿಯ ಮನೆಯಲ್ಲಿ ಮೊದಲ ಬಕೆಟ್ ಚಹಾದ ಬಣ್ಣಕ್ಕಿತ್ತು, ಮೂರನೆಯದು ತಿಳಿಯಾಯಿತು.