ಪೇಸ್ಟ್ ಬದಲಿಸಿದರೆ ಲ್ಯಾಪ್‌ಟಾಪ್ ತಣ್ಣಗಾಗುತ್ತದಾ?

ಪ್ರಶ್ನೆ: ನನ್ನ ಲ್ಯಾಪ್‌ಟಾಪ್‌ಗೆ ನಾಲ್ಕು ವರ್ಷ ಆಯ್ತು. ಈಗೀಗ ತುಂಬಾ ಬಿಸಿಯಾಗುತ್ತದೆ, ಫ್ಯಾನ್ ಸದ್ದು ನಿಲ್ಲುವುದೇ ಇಲ್ಲ, ನಾಲ್ಕು ಟ್ಯಾಬ್ ತೆರೆದರೆ ಎಲ್ಲಾ ನಿಧಾನ. ಥರ್ಮಲ್ ಪೇಸ್ಟ್ ಒಣಗಿರಬೇಕು, ಒಳ್ಳೆ ಪೇಸ್ಟ್ ಹಾಕಿದರೆ ತಣ್ಣಗಾಗುತ್ತದೆ ಅಂತಾರೆ. ನಾನೇ ಹಾಕಬಹುದಾ? ಯಾವುದು ತಗೊಳ್ಳಲಿ?

ಉತ್ತರ: ಹಾಕಬಹುದು. ಆದರೆ ಮೊದಲು ಧೂಳು, ಆಮೇಲೆ ಪೇಸ್ಟ್. ಇದನ್ನು ಎಷ್ಟು ಜನರಿಗೆ ಹೇಳಿದ್ದೇನೋ ಲೆಕ್ಕವಿಲ್ಲ. ಆದರೂ ಮುಂದಿನ ವಾರ ಇನ್ನೊಬ್ಬರು ಪೇಸ್ಟಿನ ಟ್ಯೂಬ್ ಕೊಂಡು ತಂದ ಮೇಲೆಯೇ ನನ್ನನ್ನು ಕೇಳುತ್ತಾರೆ. ಹಾಗಾಗಿ ಈ ಸಲ ಪೂರ್ತಿಯಾಗಿ ಬರೆಯುತ್ತಿದ್ದೇನೆ.

ಎಲ್ಲಾ ಗೊಂದಲದ ಬೇರು ಒಂದೇ. ಪೇಸ್ಟ್ ಅಂದರೆ ತಂಪು ಮಾಡುವ ವಸ್ತು ಅಂತ ಜನ ನಂಬಿದ್ದಾರೆ. ಅಲ್ಲವೇ ಅಲ್ಲ. ಪೇಸ್ಟ್ ಏನನ್ನೂ ತಂಪು ಮಾಡುವುದಿಲ್ಲ. ಚಿಪ್‌ನ ಮೇಲ್ಭಾಗ, ಅದರ ಮೇಲೆ ಕೂರುವ ತಾಮ್ರದ ತಟ್ಟೆ, ಎರಡೂ ಕಣ್ಣಿಗೆ ನಯವಾಗಿ ಕಂಡರೂ ತುಂಬಾ ಸಣ್ಣ ಉಬ್ಬುತಗ್ಗುಗಳಿರುತ್ತವೆ. ಆ ತಗ್ಗುಗಳಲ್ಲಿ ಗಾಳಿ ಕೂತಿರುತ್ತದೆ, ಗಾಳಿಯ ಮೂಲಕ ಶಾಖ ಸರಿಯಾಗಿ ದಾಟುವುದಿಲ್ಲ. ಗೋಡೆಗೆ ಬಣ್ಣ ಬಳಿಯುವ ಮುಂಚೆ ಪುಟ್ಟಿ ಎಳೆದು ಸಣ್ಣ ತೂತು ಮುಚ್ಚುತ್ತಾರಲ್ಲ, ಪೇಸ್ಟ್ ಮಾಡುವುದು ಅಷ್ಟೇ ಕೆಲಸ. ಗಾಳಿಯನ್ನು ಹೊರಗೆ ತಳ್ಳಿ ಆ ಜಾಗ ತುಂಬುತ್ತದೆ.

ಶಾಖ ಸಾಗಿಸುವುದರಲ್ಲಿ ತಾಮ್ರಕ್ಕೆ ಸುಮಾರು 400 ಅಂಕ ಕೊಟ್ಟರೆ, ಒಳ್ಳೆ ಪೇಸ್ಟ್‌ಗೆ 5ರಿಂದ 10 ಸಿಗುತ್ತದೆ. ಗಾಳಿಗೆ 0.03 ಕೂಡ ಇಲ್ಲ. ಅಂದರೆ ಪೇಸ್ಟ್ ಗಾಳಿಗಿಂತ ಬಹಳ ಮೇಲು, ತಾಮ್ರಕ್ಕಿಂತ ಬಹಳ ಕೀಳು. ಅದು ತೆಳ್ಳಗಿದ್ದಷ್ಟೂ ಒಳ್ಳೆಯದು.

ಒಂದು ಲೆಕ್ಕ ಮಾಡೋಣ. ಒಂದೂವರೆ ಚದರ ಸೆಂಟಿಮೀಟರ್ ಚಿಪ್, 30 ವ್ಯಾಟ್ ಶಾಖ, 5 ಅಂಕದ ಸಾಧಾರಣ ಪೇಸ್ಟ್. ಪದರ 0.05 ಮಿಲಿಮೀಟರ್ ಇದ್ದರೆ, ಪೇಸ್ಟಿನ ಕೆಳಗೂ ಮೇಲೂ ಇರುವ ಬಿಸಿಯ ವ್ಯತ್ಯಾಸ ಬರೀ 2 ಡಿಗ್ರಿ. ಸ್ಕ್ರೂ ಸರಿಯಾಗಿ ಬಿಗಿಯದೆ ಅದೇ ಪೇಸ್ಟ್ 0.3 ಮಿಲಿಮೀಟರ್ ದಪ್ಪ ಉಳಿದರೆ 12 ಡಿಗ್ರಿ. ಈಗ ಎರಡು ಪಟ್ಟು ಉತ್ತಮವಾದ, 10 ಅಂಕದ ದುಬಾರಿ ಪೇಸ್ಟನ್ನು ತೆಳ್ಳಗೆ ಹಾಕಿದಿರಿ ಅಂತಿಟ್ಟುಕೊಳ್ಳಿ. ಉಳಿತಾಯ ಎಷ್ಟು? 1 ಡಿಗ್ರಿ. ಟ್ಯೂಬಿನ ಮೇಲೆ ಬರೆದ ಅಂಕ ನೋಡಿ ದುಡ್ಡು ಸುರಿಯುವವರು ಈ ಲೆಕ್ಕವನ್ನು ಒಮ್ಮೆ ತಾವೇ ಮಾಡಿ ನೋಡಬೇಕು.

ಚಿಪ್‌ನಿಂದ ತಾಮ್ರಕ್ಕೆ ಬಂದ ಶಾಖ ಅಲ್ಲಿಗೇ ಮುಗಿಯುವುದಿಲ್ಲ. ತಾಮ್ರದ ಕೊಳವೆಯಲ್ಲಿ ಸಾಗಿ, ಅಂಚಿನಲ್ಲಿರುವ ತೆಳು ರೆಕ್ಕೆಗಳ ಸಾಲಿಗೆ ಹೋಗುತ್ತದೆ. ಫ್ಯಾನ್ ಊದುವ ಗಾಳಿ ಆ ರೆಕ್ಕೆಗಳ ನಡುವೆ ಹಾದು ಹೊರಗೆ ಹೋಗಬೇಕು. ತಂಪಾಗುವುದು ಇಲ್ಲಿ. ಈ ದಾರಿ ಮುಚ್ಚಿದ್ದರೆ ಚಿಪ್ ಮೇಲೆ ಬಂಗಾರವನ್ನೇ ಬಳಿದರೂ ಪ್ರಯೋಜನವಿಲ್ಲ.

ನಮ್ಮ ಮನೆಗಳ ಧೂಳು ಬರೀ ಮಣ್ಣಲ್ಲ. ರಸ್ತೆ ಧೂಳಿಗೆ ಬಟ್ಟೆಯ ನೂಲು, ತಲೆಕೂದಲು, ಒಗ್ಗರಣೆಯ ಜಿಡ್ಡು, ಊದುಬತ್ತಿ ಹೊಗೆ ಸೇರಿ ಅಂಟಾಗುತ್ತದೆ. ಅದು ಫ್ಯಾನ್ ಎಲೆಗಳ ಮೇಲಿಗಿಂತ ಜಾಸ್ತಿ ಕೂರುವುದು ಫ್ಯಾನ್ ಬಾಯಿಗೂ ರೆಕ್ಕೆಗಳಿಗೂ ನಡುವಿನ ಸಂದಿನಲ್ಲಿ. ಹೊರಗಿನಿಂದ ನೋಡಿದರೆ ಕಾಣುವುದಿಲ್ಲ. ಎಷ್ಟೋ ಮಾಡೆಲ್‌ಗಳಲ್ಲಿ ಆ ಸಂದಿನ ಮೇಲೆ ಕಪ್ಪು ಟೇಪ್ ಬೇರೆ ಅಂಟಿಸಿರುತ್ತಾರೆ. ಹಾಗಾಗಿ ತಳ ಬಿಚ್ಚಿದವರ ಕಣ್ಣಿಗೂ ಕೆಲವೊಮ್ಮೆ ಬೀಳುವುದಿಲ್ಲ.

ಹುಬ್ಬಳ್ಳಿಯ ಗೆಳೆಯನ ತಂಗಿಯ ಲ್ಯಾಪ್‌ಟಾಪ್ ಇದಕ್ಕೆ ಸರಿಯಾದ ಉದಾಹರಣೆ. 2021ರಲ್ಲಿ ಕೊಂಡ 15 ಇಂಚಿನದು. "ಅಣ್ಣಾ, ಎರಡು ಸಲ ಪೇಸ್ಟ್ ಹಾಕಿಸಿದೆ, ಇನ್ನೂ ಹಂಗೇ ಕಾಯ್ತದ" ಅಂದಳು. ಪೂರ್ತಿ ಕೆಲಸ ಕೊಟ್ಟು ನೋಡಿದೆ. ನಿಮಿಷ ಕಳೆದಂತೆ ಬಿಸಿ ಮೆಲ್ಲಗೆ ಏರಿ 97 ಡಿಗ್ರಿಗೆ ನಿಂತಿತು, ವೇಗ ಬಿದ್ದುಹೋಯಿತು. ಫ್ಯಾನ್ ಜೋರಾಗಿ ತಿರುಗುತ್ತಿತ್ತು, ಆದರೆ ಗಾಳಿ ಬರುವ ಕಿಂಡಿಗೆ ಕೈ ಹಿಡಿದರೆ ಏನೂ ತಾಕುತ್ತಿರಲಿಲ್ಲ. ತಳ ಬಿಚ್ಚಿ, ಫ್ಯಾನ್ ಎತ್ತಿ, ಟೇಪ್ ಸುಲಿದೆ. ರೆಕ್ಕೆಗಳ ಉದ್ದಕ್ಕೂ ಬೂದು ಬಣ್ಣದ ದಪ್ಪ ಪದರ. ಚಿಮುಟದಲ್ಲಿ ಹಿಡಿದು ಎಳೆದರೆ ಒಂದೇ ಪಟ್ಟಿಯಾಗಿ ಎದ್ದು ಬಂತು, ಅದರಲ್ಲಿ ಉದ್ದದೊಂದು ಕೂದಲು ಸುತ್ತಿಕೊಂಡಿತ್ತು. ಪೇಸ್ಟ್ ಮುಟ್ಟಲೇ ಇಲ್ಲ. ಜೋಡಿಸಿ ಅದೇ ಪರೀಕ್ಷೆ ಮಾಡಿದರೆ 83 ಡಿಗ್ರಿ.

ನಿಮ್ಮದರಲ್ಲಿ ಯಾವ ತೊಂದರೆ ಅಂತ ಬಿಚ್ಚುವ ಮುಂಚೆಯೇ ತಿಳಿಯಬಹುದು. ವಿಂಡೋಸ್‌ನಲ್ಲಿ HWiNFO ಹಾಕಿ ಚಿಪ್‌ನ ಬಿಸಿ ನೋಡಿ. ಲಿನಕ್ಸ್‌ನಲ್ಲಿ lm-sensors ಇದ್ದರೆ ಇಷ್ಟು ಸಾಕು:

```
watch -n 2 sensors
```

ಇನ್ನೊಂದು ಕಡೆ ಕೆಲಸ ಕೊಡಿ. ವಿಂಡೋಸ್‌ನಲ್ಲಿ 7-Zip ಇದ್ದರೆ ಅದರ Tools ಮೆನುವಿನ Benchmark ಸಾಕಾಗುತ್ತದೆ. ಬಿಸಿ ನಿಮಿಷಗಟ್ಟಲೆ ನಿಧಾನವಾಗಿ ಏರುತ್ತಾ ಹೋದರೆ, ಫ್ಯಾನ್ ಸದ್ದಿದ್ದರೂ ಕಿಂಡಿಯಲ್ಲಿ ಗಾಳಿ ಇಲ್ಲದಿದ್ದರೆ, ಅದು ಧೂಳು. ಕೆಲಸ ಕೊಟ್ಟ ಎರಡು ಮೂರು ಸೆಕೆಂಡಿನಲ್ಲೇ 95 ದಾಟಿ, ನಿಲ್ಲಿಸಿದ ತಕ್ಷಣ ಅಷ್ಟೇ ಬೇಗ ಇಳಿದರೆ, ಗಾಳಿ ಜೋರಾಗಿ ಬಂದರೂ ಉಗುರುಬೆಚ್ಚಗಷ್ಟೇ ಇದ್ದರೆ, ಶಾಖ ಚಿಪ್‌ನಿಂದ ತಾಮ್ರಕ್ಕೆ ದಾಟುತ್ತಿಲ್ಲ ಅಂತ ಅರ್ಥ. ಅದು ಪೇಸ್ಟ್. ನಾಲ್ಕು ವರ್ಷದಲ್ಲಿ ಎರಡೂ ಒಟ್ಟಿಗೆ ಇರುವುದೂ ಉಂಟು. ಆಗಲೂ ಮೊದಲು ಧೂಳನ್ನೇ ತೆಗೆದು, ಮತ್ತೆ ಅಳೆದು, ಆಮೇಲೆ ಪೇಸ್ಟಿನ ಬಗ್ಗೆ ತೀರ್ಮಾನ ಮಾಡಿ.

ಧೂಳು ತೆಗೆಯುವುದು ಕಷ್ಟದ ಕೆಲಸವಲ್ಲ, ಆದರೆ ಹಾನಿಯಾಗುವ ಜಾಗಗಳು ಗೊತ್ತಿರಬೇಕು. ಪೂರ್ತಿ ಶಟ್‌ಡೌನ್ ಮಾಡಿ, ಚಾರ್ಜರ್ ತೆಗೆಯಿರಿ. ತಳದ ಸ್ಕ್ರೂಗಳು ಒಂದೇ ಉದ್ದ ಇರುವುದಿಲ್ಲ. ಕಾಗದದ ಮೇಲೆ ತಳದ ಆಕಾರ ಬರೆದು, ಯಾವುದು ಎಲ್ಲಿಂದ ಬಂತೋ ಅಲ್ಲೇ ಇಡಿ. ಉದ್ದದ ಸ್ಕ್ರೂ ಗಿಡ್ಡ ತೂತಿಗೆ ಹೋದರೆ ಕೀಬೋರ್ಡ್ ಕಡೆ ಉಬ್ಬು ಬರುತ್ತದೆ. ಎಲ್ಲಾ ಬಿಚ್ಚಿದರೂ ತಳ ಏಳದಿದ್ದರೆ ಬಲ ಹಾಕಬೇಡಿ, ರಬ್ಬರ್ ಕಾಲಿನ ಕೆಳಗೆ ಇನ್ನೊಂದು ಸ್ಕ್ರೂ ಇರಬಹುದು. ಅಂಚು ಬಿಡಿಸಲು ಹಳೇ ಎಟಿಎಂ ಕಾರ್ಡ್ ಸಾಕು, ಚಾಕು ಬೇಡ. ತಳ ಎದ್ದ ಕೂಡಲೇ ಬ್ಯಾಟರಿ ಕನೆಕ್ಟರ್ ಬಿಡಿಸಿ, ವೈರ್ ಹಿಡಿದು ಎಳೆಯದೆ ಪ್ಲಾಸ್ಟಿಕ್ ತಲೆಯನ್ನು ಉಗುರಿನಿಂದ ಜರುಗಿಸಿ. ಮೊದಲ ಸಲ ಬಿಚ್ಚುವವರು ಜಾಸ್ತಿ ಹಾಳು ಮಾಡುವುದು ಪಟ್ಟಿ ಕೇಬಲ್‌ಗಳನ್ನು. ಅವುಗಳ ಬಾಯಲ್ಲಿ ಸಣ್ಣ ಲಾಕ್ ಇರುತ್ತದೆ, ಅದನ್ನು ಎತ್ತದೆ ಎಳೆದರೆ ಬೋರ್ಡಿನ ಸಾಕೆಟ್ಟೇ ಮುರಿಯುತ್ತದೆ.

ಬ್ಲೋವರ್ ಹಿಡಿದು ಹೊರಗಿನ ಕಿಂಡಿಯಿಂದ ಊದುವವರಿಗೆ ಒಂದು ಮಾತು. ಹಾಗೆ ಮಾಡಿದರೆ ಆ ಪದರ ಹೊರಗೆ ಬರುವುದಿಲ್ಲ, ಹಿಂದಕ್ಕೆ ಸರಿದು ಫ್ಯಾನ್ ಮೇಲೆ ಬೀಳುತ್ತದೆ. ಫ್ಯಾನ್ ಎತ್ತಿಟ್ಟು, ಪದರವನ್ನು ಚಿಮುಟದಲ್ಲಿ ತೆಗೆದು, ಉಳಿದದ್ದನ್ನು ಮೆತ್ತನೆ ಬ್ರಷ್‌ನಲ್ಲಿ ಒರೆಸಿ. ಫ್ಯಾನ್‌ಗೆ ಊದುವುದಾದರೆ ಎಲೆಗಳು ತಿರುಗದಂತೆ ಬೆರಳಿನಿಂದ ಹಿಡಿಯಿರಿ. ಬ್ಲೋವರ್ ಗಾಳಿಗೆ ಅದು ಅತಿ ವೇಗವಾಗಿ ತಿರುಗಿದರೆ ಬೇರಿಂಗ್ ಹಾಳಾಗುತ್ತದೆ. ಮೊದಲೇ ಕರಕರ ಸದ್ದು ಮಾಡುವ ಫ್ಯಾನ್ ಸ್ವಚ್ಛ ಮಾಡಿದರೂ ಸರಿಹೋಗುವುದಿಲ್ಲ, ಬದಲಿಸಬೇಕು. ಬೆಂಗಳೂರಿನ ಎಸ್.ಪಿ. ರೋಡ್ ಕಡೆ ಮಾಡೆಲ್ ನಂಬರ್ ಹೇಳಿ ವಿಚಾರಿಸಿ.

ಇನ್ನು ಪೇಸ್ಟ್. ಡೆಸ್ಕ್‌ಟಾಪ್ ಪ್ರೊಸೆಸರ್ ಮೇಲೆ ಲೋಹದ ಮುಚ್ಚಳ ಇರುತ್ತದೆ, ಲ್ಯಾಪ್‌ಟಾಪ್‌ನಲ್ಲಿ ಸಿಲಿಕಾನ್ ಚಿಪ್ ಬೆತ್ತಲೆಯಾಗಿರುತ್ತದೆ. ನಿಜವಾದ ಅಪಾಯ ಇರುವುದು ಇಲ್ಲಿ. ತಾಮ್ರದ ತಟ್ಟೆ ಒಂದು ಕಡೆ ವಾಲಿ ಒತ್ತಿದರೆ ಚಿಪ್‌ನ ಮೂಲೆ ಚಕ್ಕೆ ಹಾರುತ್ತದೆ. ಹಾಗಾದರೆ ಬೋರ್ಡ್ ಹೋಯಿತು ಅಂತಲೇ ಲೆಕ್ಕ. ಅದಕ್ಕೇ ತಟ್ಟೆಯ ಸ್ಕ್ರೂಗಳ ಪಕ್ಕ 1, 2, 3, 4 ಅಂತ ಕೊರೆದಿರುತ್ತಾರೆ. ಬಿಚ್ಚುವಾಗ ಕೊನೆಯ ಅಂಕಿಯಿಂದ 1ರ ಕಡೆಗೆ, ಬಿಗಿಯುವಾಗ 1ರಿಂದ. ಒಂದನ್ನೇ ಪೂರ್ತಿ ತಿರುಗಿಸದೆ ಎಲ್ಲವನ್ನೂ ಸ್ವಲ್ಪ ಸ್ವಲ್ಪ ತಿರುಗಿಸುತ್ತಾ ಬನ್ನಿ. ಪೇಸ್ಟ್ ಕಚ್ಚಿಕೊಂಡಿದ್ದರೆ ಮೀಟಬೇಡಿ. ಶಟ್‌ಡೌನ್ ಮಾಡುವ ಮುಂಚೆ ಹತ್ತು ನಿಮಿಷ ಓಡಿಸಿ ಬೆಚ್ಚಗೆ ಮಾಡಿದ್ದರೆ ಅದು ಸಡಿಲವಾಗಿರುತ್ತದೆ, ಮೆಲ್ಲಗೆ ಎಡಕ್ಕೆ ಬಲಕ್ಕೆ ಅಲುಗಿಸಿದರೆ ಬಿಡುತ್ತದೆ.

ಹಳೇ ಪೇಸ್ಟ್ ಒರೆಸಲು 99 ಶೇಕಡಾದ ಐಸೊಪ್ರೊಪೈಲ್ ಆಲ್ಕೋಹಾಲ್ ಬೇಕು. ಸ್ಯಾನಿಟೈಸರ್‌ನಲ್ಲಿ ಗ್ಲಿಸರಿನ್ ಇರುತ್ತದೆ, ಅದು ಬೇಡ. ನೇಲ್ ಪಾಲಿಶ್ ರಿಮೂವರ್ ಪ್ಲಾಸ್ಟಿಕ್ ತಿನ್ನುತ್ತದೆ. ಹೊಸ ಪೇಸ್ಟ್ ಒಂದು ಅಕ್ಕಿ ಕಾಳಿನಷ್ಟು ತಗೊಂಡು, ಚಿಪ್‌ನ ನಾಲ್ಕೂ ಮೂಲೆ ಮುಚ್ಚುವಂತೆ ತೆಳ್ಳಗೆ ಎಳೆಯಿರಿ. ಸ್ವಲ್ಪ ಜಾಸ್ತಿಯಾದರೆ ಪಕ್ಕಕ್ಕೆ ಜಾರುತ್ತದೆ, ಗಾಬರಿ ಬೇಡ. ಮೂಲೆ ಖಾಲಿ ಉಳಿದರೆ ಮಾತ್ರ ಅಲ್ಲಿ ವಿಪರೀತ ಬಿಸಿಯಾಗುತ್ತದೆ. ಕೊಳ್ಳುವಾಗ ಸ್ವಲ್ಪ ಗಟ್ಟಿಯಾದದ್ದನ್ನು ಆರಿಸಿ. ನೀರಾದ ಪೇಸ್ಟ್ ಚಿಪ್ ಬಿಸಿಯಾಗಿ ಆರಿ, ಬಿಸಿಯಾಗಿ ಆರಿ, ಕೆಲವೇ ತಿಂಗಳಲ್ಲಿ ಅಂಚಿಗೆ ಹೊರಟುಹೋಗುತ್ತದೆ. ಒಣಗಿತು ಅಂತ ಜನ ಹೇಳುವುದರಲ್ಲಿ ಅರ್ಧ ಹೀಗೆ ಜಾರಿಹೋದದ್ದೇ.

ಪಕ್ಕದ ಸಣ್ಣ ಚಿಪ್‌ಗಳ ಮೇಲೆ ರಬ್ಬರಿನಂಥ ಪ್ಯಾಡ್ ಇರುತ್ತದೆ. ಅದು ಹರಿದರೆ ಅದೇ ದಪ್ಪದ ಪ್ಯಾಡ್ ಹಾಕಬೇಕು. ಪೇಸ್ಟ್ ಬಳಿದರೆ ಆ ಸಂದು ತುಂಬುವುದಿಲ್ಲ, ದಪ್ಪ ಪ್ಯಾಡ್ ಹಾಕಿದರೆ ಮುಖ್ಯ ಚಿಪ್ ಮೇಲೆ ತಟ್ಟೆ ಕೂರುವುದಿಲ್ಲ. ಬಿಚ್ಚಿದಾಗ ಪೇಸ್ಟ್ ಬದಲು ಪಾದರಸದ ಹಾಗೆ ಹೊಳೆಯುವ ದ್ರವ ಕಂಡರೆ ಅಲ್ಲಿಗೇ ನಿಲ್ಲಿಸಿ. ಕೆಲವು ಗೇಮಿಂಗ್ ಮಾಡೆಲ್‌ಗಳಲ್ಲಿರುವ ದ್ರವ ಲೋಹ ಅದು. ವಿದ್ಯುತ್ ಹರಿಸುತ್ತದೆ, ಒಂದು ಹನಿ ಬೋರ್ಡಿಗೆ ಬಿದ್ದರೆ ಶಾರ್ಟ್ ಆಗುತ್ತದೆ. ಅದನ್ನು ತಿಳಿದವರ ಕೈಗೇ ಕೊಡಿ.

ನೀವು ಕೇಳಲಿಲ್ಲ, ಆದರೂ ತಳ ತೆರೆದಾಗ ಬ್ಯಾಟರಿಯನ್ನು ಅಡ್ಡದಿಂದ ನೋಡಿ. ಅದು ಚಪ್ಪಟೆಯಾಗಿರಬೇಕು. ಎಲ್ಲಾದರೂ ದಿಂಬಿನ ಹಾಗೆ ಉಬ್ಬಿದ್ದರೆ ಒತ್ತಬೇಡಿ, ಚುಚ್ಚಬೇಡಿ, ಮತ್ತೆ ಚಾರ್ಜ್ ಮಾಡಬೇಡಿ. ಟಚ್‌ಪ್ಯಾಡ್ ಒತ್ತಲು ಬಿಗಿಯಾಗುವುದು, ಮೇಜಿನ ಮೇಲಿಟ್ಟರೆ ಲ್ಯಾಪ್‌ಟಾಪ್ ಅಲುಗುವುದು ಇದರ ಗುರುತು. ಉಬ್ಬಿಲ್ಲದಿದ್ದರೂ ಎಷ್ಟು ಸವೆದಿದೆ ನೋಡಬಹುದು. ಎಲ್ಲಾ ಜೋಡಿಸಿ ಆನ್ ಮಾಡಿದ ಮೇಲೆ ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್‌ನಲ್ಲಿ:

```
powercfg /batteryreport
```

ವರದಿಯ ಫೈಲ್ ಎಲ್ಲಿದೆ ಅಂತ ಅದೇ ಹೇಳುತ್ತದೆ. ಆ ಫೈಲನ್ನು ಬ್ರೌಸರ್‌ನಲ್ಲಿ ತೆರೆದು DESIGN CAPACITY ಮತ್ತು FULL CHARGE CAPACITY ಹೋಲಿಸಿ. ಎರಡನೆಯದು ಮೊದಲಿನದರ ಅರ್ಧಕ್ಕೆ ಬಂದಿದ್ದರೆ ಬ್ಯಾಟರಿ ಬದಲಿಸುವ ಕಾಲ ಬಂತು. ಇಷ್ಟು ವರ್ಷ 90 ಡಿಗ್ರಿ ಚಿಪ್‌ನ ಪಕ್ಕದಲ್ಲೇ, ಯಾವಾಗಲೂ ನೂರಕ್ಕೆ ತುಂಬಿಕೊಂಡು ಕೂತಿದ್ದರೆ ಸವೆತ ಬೇಗ ಆಗಿರುತ್ತದೆ. ದಿನವಿಡೀ ಚಾರ್ಜರ್ ಸಿಕ್ಕಿಸಿಯೇ ಕೆಲಸ ಮಾಡುವವರು BIOSನಲ್ಲಿ ಅಥವಾ ಕಂಪನಿಯ ಆ್ಯಪ್‌ನಲ್ಲಿ ಚಾರ್ಜ್ 80ಕ್ಕೆ ನಿಲ್ಲಿಸುವ ಆಯ್ಕೆ ಇದೆಯೇ ನೋಡಿ, ಇದ್ದರೆ ಆನ್ ಮಾಡಿ.